ಬಾವಿಯ ಚಿತ್ರದ ಕೆಳಗಿನ ಸಾಲು

ಆ ಛಾಯಾಚಿತ್ರದಲ್ಲಿ ಎರಡು ಸಾಲು ಹೆಂಗಸರಿದ್ದಾರೆ. ಒಂದು ಸಾಲು ಬಾವಿಯ ಕಟ್ಟೆಯ ಮೇಲೆ. ಅವರಲ್ಲೊಬ್ಬಳು ಹಗ್ಗ ಎಳೆಯುತ್ತಿದ್ದಾಳೆ, ಮತ್ತೊಬ್ಬಳು ಸೊಂಟದ ಮೇಲೆ ಕೊಡವೇರಿಸಿಕೊಂಡು ಕ್ಯಾಮೆರಾದ ಕಡೆಗೆ ತಿರುಗಿದ್ದಾಳೆ. ಇನ್ನೊಂದು ಸಾಲು ಕಟ್ಟೆಯ ಕೆಳಗೆ, ಬರಿ ನೆಲದ ಮೇಲೆ. ಅವರ ಕೊಡಗಳು ಅವರ ಕಾಲ ಬಳಿಯಲ್ಲಿವೆ, ಕೈಗಳು ಖಾಲಿ. ಆ ಸಾಲಿನ ತುದಿಯಲ್ಲಿ ಲಂಗ ತೊಟ್ಟ ಒಬ್ಬ ಹುಡುಗಿ. ಅವಳ ಹೆಗಲಿಗೆ ಗೋಣಿತಾಟಿನಿಂದ ಹೊಲಿದ ಶಾಲೆಯ ಚೀಲವಿದೆ.

ಬಲ್ಲವರ ಕಣ್ಣಿಗೆ ಆ ಚಿತ್ರ ಒಂದು ಅಪರಾಧದ ದಾಖಲೆ. ಕಟ್ಟೆಯ ಮೇಲಿನವರು ಬಾವಿಗೆ ತಮ್ಮ ಕೊಡ ಇಳಿಸಬಹುದು. ಕೆಳಗಿನವರು, ಅಂದರೆ ಊರಾಚೆಯ ಕೇರಿಯವರು, ಕಟ್ಟೆಯನ್ನು ಹತ್ತುವಂತಿಲ್ಲ, ಹಗ್ಗವನ್ನು ಮುಟ್ಟುವಂತಿಲ್ಲ. ಮೇಲಿನವರು ತಮ್ಮ ಮನೆಯ ನೀರು ತುಂಬಿಕೊಂಡ ನಂತರ, ಮನಸ್ಸು ಬಂದರೆ, ಒಂದು ಕೊಡ ಸೇದಿ ಎತ್ತರದಿಂದ ಇವರ ಕೊಡಕ್ಕೆ ಸುರಿಯುತ್ತಿದ್ದರು. ಮನಸ್ಸು ಬಾರದಿದ್ದರೆ ಇವರು ನಿಂತೇ ಇರುತ್ತಿದ್ದರು. ಅಸ್ಪೃಶ್ಯತೆಯನ್ನು ಅಪರಾಧವೆಂದು ಕಾನೂನು ಸಾರಿ ಎರಡು ದಶಕಗಳು ಕಳೆದಿದ್ದವು. ಆ ಕಾನೂನು ಧಾರವಾಡದವರೆಗೆ ಬಂದಿತ್ತು, ಕಲಘಟಗಿಯ ಕಚೇರಿಗಳ ಗೋಡೆಯವರೆಗೂ ಬಂದಿತ್ತು. ದುಮ್ಮವಾಡದಿಂದ ಮುಂದೆ ಹೋಗುವ ಮಣ್ಣಿನ ದಾರಿಯಲ್ಲಿ ಎಲ್ಲಿಯೋ ನಿಂತುಬಿಟ್ಟಿತ್ತು. ಆ ದಾರಿಯ ಕೊನೆಯಲ್ಲಿದ್ದ ಹಳ್ಳಿಯ ಹೆಸರನ್ನು ನಾನು ಬರೆಯುವುದಿಲ್ಲ. ಅಂಥ ಬಾವಿ ಅದೊಂದೇ ಆಗಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಾನು ತಾಲೂಕಿನ ಒಂದು ಸಣ್ಣ ಸೇವಾಸಂಘದಲ್ಲಿ ಕೆಲಸ ಮಾಡುತ್ತಿದ್ದೆ. ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಹೊತ್ತು ಅಕ್ಷರ ಕಲಿಸುವುದು, ಕೂಲಿಯ ಕಾನೂನು ತಿಳಿಸುವುದು, ಅರ್ಜಿ ಬರೆದುಕೊಡುವುದು ನನ್ನ ಪಾಲಿನ ಕೆಲಸ. ಧಾರವಾಡದಲ್ಲಿ ಓದಿ, ಅಲ್ಲಿಯ ಸಭೆಗಳಲ್ಲಿ ಸಮಾನತೆಯ ಮಾತು ಕೇಳಿ ಬೆಳೆದವಳು ನಾನು. ಅನ್ಯಾಯಕ್ಕೆ ಅದರ ಹೆಸರು ಹಿಡಿದು ಕರೆದರೆ ಅರ್ಧ ಕೆಲಸ ಆದಂತೆಯೇ ಎಂದು ನಂಬಿದ್ದೆ. ಈಗಲೂ ಆ ನಂಬಿಕೆಯನ್ನು ಪೂರ್ತಿಯಾಗಿ ಬಿಟ್ಟಿಲ್ಲ.

ಸಂಘಕ್ಕೆ ಹಣ ಕೊಡುತ್ತಿದ್ದ ಸಂಸ್ಥೆ ಮುಂಬಯಿಯಲ್ಲಿತ್ತು. ಅಲ್ಲಿಂದ ಒಬ್ಬ ಯುವಕ ಬಂದು ನಮ್ಮ ಹಳ್ಳಿಗಳ ಚಿತ್ರಗಳನ್ನು ತೆಗೆದುಕೊಂಡು ಹೋದ. ಕೆಲವು ತಿಂಗಳ ನಂತರ ದೊಡ್ಡದಾಗಿ ಮುದ್ರಿಸಿದ ಚಿತ್ರಗಳ ಒಂದು ಕಟ್ಟು ಬಂತು. ಪ್ರತಿ ಚಿತ್ರದ ಬೆನ್ನಿಗೂ ಟೈಪು ಮಾಡಿದ ಒಂದು ಚೀಟಿ, ಅದರಲ್ಲಿ ಇಂಗ್ಲಿಷಿನ ಒಂದು ಸಾಲು. ಸಂತೆಯ ದಿನ ತಾಲೂಕಿನ ಊರಲ್ಲಿ ಇವುಗಳ ಪ್ರದರ್ಶನ ಏರ್ಪಡಿಸಬೇಕು, ಚಿತ್ರದ ಕೆಳಗಿನ ಸಾಲುಗಳನ್ನು ಕನ್ನಡಕ್ಕೆ ಅನುವಾದಿಸಬೇಕು. ಆದರೆ ಇದೇ ಚಿತ್ರಗಳು ಬೇರೆ ಜಿಲ್ಲೆಗಳಲ್ಲಿಯೂ ಪ್ರದರ್ಶಿತವಾಗುವುದರಿಂದ ಸಾಲುಗಳ ಅರ್ಥವನ್ನು ಬದಲಿಸಬಾರದು ಎಂಬುದು ಅವರ ಸೂಚನೆ. ಉದ್ಘಾಟನೆಗೆ ಜಿಲ್ಲೆಯ ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು.

ಅನುವಾದದ ಹೊಣೆ ಇಬ್ಬರ ಮೇಲೆ ಬಿತ್ತು: ನನ್ನ ಮೇಲೆ ಮತ್ತು ನಮ್ಮ ಸಂಘದ ನಿವೃತ್ತ ಮಾಸ್ತರರ ಮೇಲೆ. ಮಾಸ್ತರರು ಮೂವತ್ತು ವರ್ಷ ಕನ್ನಡ ಕಲಿಸಿದವರು. ಅವರ ಬಾಯಿಂದ ಧಾರವಾಡದ ಮಾತು ಬರುತ್ತಿತ್ತು, ಲೇಖನಿಯಿಂದ ಶಾಸನದ ಕನ್ನಡ. ಎರಡೂ ಒಂದನ್ನೊಂದು ಎಂದೂ ಭೇಟಿಯಾಗದಂತೆ ಅವರು ನೋಡಿಕೊಳ್ಳುತ್ತಿದ್ದರು.

ಮೊದಲ ಚಿತ್ರ ಜೋಳದ ತೆನೆ ಹಿಡಿದ ಒಬ್ಬ ರೈತನದು. ಮಾಸ್ತರರು ಚೀಟಿಯನ್ನು ಓದಿ, ಕನ್ನಡಕ ಸರಿಪಡಿಸಿಕೊಂಡು, ‘ಮಂದಸ್ಮಿತನಾದ ಕೃಷಿಕನು ತನ್ನ ಬೆಳೆಯನ್ನು ಪ್ರದರ್ಶಿಸುತ್ತಿರುವುದು’ ಎಂದು ಬರೆದರು. ಚಿತ್ರಗಳ ಕೆಳಗಿನ ಮರದ ಪಟ್ಟಿಗಳ ಮೇಲೆ ಅಕ್ಷರ ಬರೆಯಲು ಬಂದಿದ್ದ ಪೇಂಟರ ಬಾಗಿಲಲ್ಲಿ ಕುಂತು ಬ್ರಶ್ಶು ತೊಳೆಯುತ್ತಿದ್ದ. ಅಂಗಡಿಗಳ ಬೋರ್ಡು, ನಾಟಕದ ಪರದೆ, ಟ್ರ್ಯಾಕ್ಟರಿನ ಹಿಂದಿನ ಹೆಸರು, ಎಲ್ಲವನ್ನೂ ಬರೆಯುವ ಮನುಷ್ಯ.

“ಮಾಸ್ತರ, ಈ ಮಂದಸ್ಮಿತ ಅನ್ನಾಂವ ಯಾರ್ರಿ? ಈ ಮನಿಶ್ಯಾನ ಹೆಸರ ಬ್ಯಾರೇನ ಐತಲ್ರಿ. ನಮ್ಮ ಓಣ್ಯಾಂವs ಇಂವ.”

“ಲೇ, ನಿನ್ನ ಕೆಲಸ ನೀ ನೋಡು. ಮಂದಸ್ಮಿತ ಅಂದ್ರ ನಗಲಿಕ್ಕೆ ಹತ್ತ್ಯಾನ ಅಂತ.”

“ಎಲ್ಲಿ ನಗಾಕತ್ತಾನ್ರಿ? ಬಿಸಲಿಗೆ ಹಲ್ಲ ಕಿಸದಾನ. ಹೊಲದಾಗ ಹನ್ನೆರಡಕ್ಕ ನಿಂದ್ರಿಸಿದ್ರ ನೀವೂ ಹಂಗs ಮಾಡ್ತೀರಿ.”

ಮಾಸ್ತರರೂ ನಕ್ಕರು. ಆದರೆ ಸಾಲನ್ನು ಬದಲಿಸಲಿಲ್ಲ. ನಾನು ‘ಕೈಗೆ ಬಂದ ಬೆಳೆ’ ಎಂದು ಬರೆಯೋಣ ಎಂದೆ. ಅದು ಅನುವಾದವಲ್ಲ, ಹೊಸದಾಗಿ ಬರೆದದ್ದು ಎಂದು ಅವರು ತಲೆಯಾಡಿಸಿದರು.

“ನೋಡ ತಂಗಿ, ಇನ್ನೊಬ್ಬರು ಬರೆದದ್ದನ್ನ ಕನ್ನಡಕ್ಕ ತರೂದಷ್ಟs ನಮ್ಮ ಕೆಲಸ. ಅವರು ಒಂದು ಅಂದ್ರ ನಾವು ಒಂದು ಅನ್ನಬೇಕು. ಎರಡು ಅನ್ಲಿಕ್ಕೆ ನಮಗ ಅಧಿಕಾರ ಇಲ್ಲ.”

“ಸರ, ಅವರು ನೋಡಿದ್ದನ್ನ ಅವರು ಬರದಾರ. ನೋಡಲಾರದ್ದನ್ನ?”

“ಅದನ್ನ ಚಿತ್ರ ಹೇಳ್ತದ. ಚಿತ್ರ ಯಾಕ ಅದ ಮತ್ತ?”

ಹೀಗೆ ನಾವು ಬಾವಿಯ ಚಿತ್ರಕ್ಕೆ ಬಂದೆವು. ಅದರ ಬೆನ್ನ ಮೇಲಿನ ಚೀಟಿಯಲ್ಲಿ ಇದ್ದುದಿಷ್ಟೇ: ಹಳ್ಳಿಯ ಬಾವಿಯ ಬಳಿ ಹೆಂಗಸರು ನೀರಿಗಾಗಿ ಕಾಯುತ್ತಿದ್ದಾರೆ. ಮುಂಬಯಿಯ ಯುವಕ ಎರಡು ಸಾಲುಗಳನ್ನು ಕಂಡಿರಲಿಲ್ಲ. ಅವನ ಕಣ್ಣಿಗೆ ಅದು ಒಂದೇ ಸರದಿ, ನಮ್ಮ ದೇಶದ ಯಾವ ನಲ್ಲಿಯ ಮುಂದೆಯೂ ಕಾಣುವಂಥದು. ಮಾಸ್ತರರು ಬರೆದರು: ‘ಗ್ರಾಮದ ಬಾವಿಯ ಬಳಿ ನೀರಿಗಾಗಿ ಕಾಯುತ್ತಿರುವ ಮಹಿಳೆಯರು.’ ಶಬ್ದಕ್ಕೆ ಶಬ್ದ ಸರಿಯಾಗಿತ್ತು. ಒಂದು ತಪ್ಪೂ ಇರಲಿಲ್ಲ. ಆ ಸಾಲಿನಲ್ಲಿ ಕಟ್ಟೆ ಮಾತ್ರ ಇರಲಿಲ್ಲ.

ನಾನು ಅದನ್ನು ಒಪ್ಪಲಿಲ್ಲ. ಒಪ್ಪದಿರುವುದಕ್ಕೆ ನನಗೊಂದು ಕಾರಣ ಆ ಚಿತ್ರದೊಳಗೇ ನಿಂತಿತ್ತು. ಚೀಲ ಹಾಕಿಕೊಂಡ ಹುಡುಗಿಯ ತಾಯಿ ನನ್ನ ಮಧ್ಯಾಹ್ನದ ವರ್ಗಕ್ಕೆ ಬರುತ್ತಿದ್ದಳು. ಗಂಡನಿಲ್ಲದವಳು, ಬೆಳಗಾಗುವುದರೊಳಗೆ ಊರಿನ ಪಂಚಾಯಿತಿಯ ಚೇರಮನ್ನರ ಹೊಲಕ್ಕೆ ಕಳೆ ತೆಗೆಯಲು ಹೋಗಬೇಕು, ತಡವಾದರೆ ಆ ದಿನದ ಕೂಲಿ ಇಲ್ಲ. ಆದ್ದರಿಂದ ನೀರು ತರುವುದು ಮಗಳ ಪಾಲಿಗೆ ಬಂದಿತ್ತು. ಮಗಳು ಏಳನೆಯ ಇಯತ್ತೆಯಲ್ಲಿದ್ದಳು. ಆ ವರ್ಷ ಮುಲ್ಕಿ, ಅಂದರೆ ಏಳನೆಯದರ ಸರಕಾರಿ ಪರೀಕ್ಷೆ. ಕೇರಿಯಿಂದ ಅಲ್ಲಿಯವರೆಗೆ ಓದಿದ ಮೊದಲ ಹೆಣ್ಣುಮಗಳು ಅವಳು. ಮುಲ್ಕಿ ಪಾಸಾದರೆ ಹೆರಿಗೆ ಮಾಡಿಸುವ ದಾಯಿಯ ತರಬೇತಿಗೆ ಸೇರಿಸಿಕೊಳ್ಳುತ್ತಾರೆಂದು ದವಾಖಾನೆಯ ನರ್ಸಬಾಯಿ ಹೇಳಿದ್ದಳು. ತಾಯಿ ಆ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಂತೆ ಜೋಪಾನ ಮಾಡಿದ್ದಳು. ಆದರೆ ಬಾವಿಯ ಬಳಿ ಯಾರಾದರೂ ನೀರು ಹಾಕುವ ಹೊತ್ತಿಗೆ ಶಾಲೆಯ ಪ್ರಾರ್ಥನೆ ಮುಗಿದಿರುತ್ತಿತ್ತು. ತಡವಾಗಿ ಬಂದವರ ಹಾಜರಿ ಹಾಕುತ್ತಿರಲಿಲ್ಲ. ಹಾಜರಿ ಸಾಲದವರನ್ನು ಪರೀಕ್ಷೆಗೆ ಕೂಡಿಸುತ್ತಿರಲಿಲ್ಲ. ನೀರು ಹಾಕದವರದು ಒಂದು ಅನ್ಯಾಯ, ಕಾರಣ ಕೇಳದೆ ಬಾಗಿಲಲ್ಲೇ ನಿಲ್ಲಿಸಿದ ಶಾಲೆಯದು ಇನ್ನೊಂದು.

ದೂರು ಕೊಡೋಣವೆಂದು ನಾನು ಹಲವು ಸಲ ಹೇಳಿದ್ದೆ. ಅರ್ಜಿಯ ಕಾಗದ ನನ್ನ ಚೀಲದಲ್ಲಿಯೇ ಇರುತ್ತಿತ್ತು.

“ಅರ್ಜಿ ಬ್ಯಾಡ್ರಿ ಅಕ್ಕಾರ,” ಎನ್ನುತ್ತಿದ್ದಳು ತಾಯಿ. “ಹೆಬ್ಬಟ್ಟ ಒತ್ತಿದ್ದ ಸಂಜೀಕ ಗೊತ್ತಾಗತೈತಿ. ಮುಂಜಾನಿ ಹೊಲಕ್ಕ ಬರಬ್ಯಾಡ ಅಂತಾರ. ಆಮ್ಯಾಲ ನಾವು ಏನ ತಿನ್ನೂಣ್ರಿ?”

ಚಿತ್ರ ಬಂದಾಗ ನಮ್ಮಿಬ್ಬರಿಗೂ ಒಂದೇ ಆಸೆ ಹುಟ್ಟಿತು. ಯಾರೂ ದೂರು ಕೊಡಬೇಕಿಲ್ಲ, ಯಾರ ಹೆಸರೂ ಬರಬೇಕಿಲ್ಲ. ಅಧಿಕಾರಿ ತಾವೇ ನೋಡುತ್ತಾರೆ, ನೋಡಿ ಕೇಳುತ್ತಾರೆ. ಬಾವಿ ಸರಕಾರದ ಹಣದಿಂದ ಕಟ್ಟಿದ್ದು. ‘ಎಲ್ಲರೂ ಸೇದಬೇಕು’ ಎಂಬ ಒಂದು ಮಾತು ಅವರ ಬಾಯಿಂದ ಬಂದರೆ ಸಾಕು. ಅದಕ್ಕೊಂದು ಷರತ್ತನ್ನೂ ಅವಳೇ ಹಾಕಿದ್ದಳು.

“ನೀವು ಬಾಯಿ ಬಿಡಬಾರದು ನೋಡ್ರಿ. ನೀವು ಹೇಳಿದ್ರ ನಾವು ಹೇಳಿಸೇವಿ ಅಂತಾರ. ಚಿತ್ರನ ಹೇಳಬೇಕು.”

ನಾನು ಮಾತು ಕೊಟ್ಟೆ.

ಚಿತ್ರ ಮೌನವಾಗಿ ಹೇಳುವುದನ್ನು ಅದರ ಕೆಳಗಿನ ಸಾಲು ಕೈಹಿಡಿದು ತೋರಿಸಬೇಕಿತ್ತು. ಇಡೀ ಕೆಲಸ ಒಂದು ಮೊಳದ ಮರದ ಪಟ್ಟಿಯ ಮೇಲೆ ಬಂದು ನಿಂತಿತ್ತು. ನಾನು ಮಾಸ್ತರರ ಸಾಲನ್ನು ಹೊಡೆದುಹಾಕಿ, ಕೇರಿಯ ಹೆಂಗಸರು ಬಾವಿಯ ಬಳಿ ದಿನವೂ ಕೂಗುವ ಮಾತನ್ನೇ ಬರೆದೆ: ‘ಒಂದ ಕೊಡಾ ನೀರ ಹಾಕ್ರೆವ್ವಾ!’

“ಇದು ಹಳ್ಳ್ಯಾಗಿನ ಮಾತು,” ಎಂದರು ಮಾಸ್ತರರು. “ಇದನ್ನ ಬೋರ್ಡಿನ ಮ್ಯಾಲೆ ಬರಸ್ತೀ?”

“ಯಾಕ ಬರಸಬಾರ್ದ್ರಿ ಸರ? ಹಳ್ಳಿಯವರ ಚಿತ್ರ, ಹಳ್ಳಿಯವರ ಮಾತು. ಶುದ್ಧ ಕನ್ನಡದ ಹೆಸರಿನಾಗ ಅವರ ಬಾಯಿ ಮುಚ್ಚೂದು ಅನ್ಯಾಯ ಅಲ್ಲೇನ್ರಿ?”

“ಏನೇ ಆದ್ರೂ ಅನ್ಯಾಯನs ಕಾಣ್ತದ ನಿನಗ. ಚಾದಾಗ ಸಕ್ಕರಿ ಕಮ್ಮಿ ಆದ್ರೂ ಅನ್ಯಾಯ.”

“ಸಕ್ಕರಿ ಯಾರಿಗೆ ಹೆಚ್ಚ ಬಿದ್ದದ ಅಂತ ಕೇಳ್ತೀನ್ರಿ.”

ಪೇಂಟರ ಅಲ್ಲಿಂದಲೇ ಕೂಗಿದ: “ಇಬ್ಬರೂ ಮುಗಿಸ್ರಿ ಲಗೂನ. ಈ ಪಟ್ಟಿ ಮ್ಯಾಲ ಒಂದs ಸಾಲ ಕೂಡತೈತಿ. ಪುರಾಣ ಬರಿಯಾಕ ಬರಂಗಿಲ್ಲ, ದೂರಿಂದ ಕಾಣಬೇಕಲ್ರಿ ಅಕ್ಷರ.”

ಚಿತ್ರದಲ್ಲಿರುವವರನ್ನೇ ಕೇಳೋಣ ಎಂದೆ. ಅದು ನ್ಯಾಯವೂ ಆಗಿತ್ತು. ಮರುದಿನ ಅಕ್ಷರವರ್ಗಕ್ಕೆ ಚಿತ್ರವನ್ನು ಒಯ್ದೆವು. ಮಾಸ್ತರರೂ ಜೊತೆಗೆ ಬಂದರು. ಕೇರಿಯ ಹೆಂಗಸರು ಸುತ್ತ ಕುಂತು ತಮ್ಮ ತಮ್ಮ ಮುಖಗಳನ್ನು ಹುಡುಕಿಕೊಂಡರು. ‘ನನ್ನ ಮಾರಿ ಇಷ್ಟ ಕರ್ರಗ ಬಂದೈತೇನ ಬೇ’ ಎಂದು ಒಬ್ಬಳು, ‘ಬಂದೈತಲ್ಲ, ಅದs ದೊಡ್ಡದು’ ಎಂದು ಇನ್ನೊಬ್ಬಳು. ತಾಯಿ ಮಾತ್ರ ಸಾಲಿನ ತುದಿಯ ಮೇಲೆ ಬೆರಳಿಟ್ಟಳು.

“ಇಕಿ ನೋಡ್ರಿ. ಸಾಲಿಗೆ ಹೊತ್ತಾತು ಅಂತ ಅವತ್ತ ಅಳಾಕತ್ತಿದ್ಲ್ರಿ. ಚಿತ್ರದಾಗ ಕಣ್ಣೀರ ಬಂದಿಲ್ಲ ನೋಡ್ರಿ.”

ಶಾಲೆಗೆ ತಡವಾಗಿ ಅತ್ತವಳ ಆ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ನಮ್ಮ ಕೈಯಲ್ಲಿ ಎರಡು ಸಾಲುಗಳು ಸಿದ್ಧವಾಗಿದ್ದವು, ಮೂರನೆಯದಕ್ಕೆ ಕಿವಿ ಇರಲಿಲ್ಲ. ನಾನು ನನ್ನ ಸಾಲನ್ನು ಓದಿದೆ. ಹೆಂಗಸರು ಕಿಸಕ್ಕನೆ ನಕ್ಕರು. ತಾಯಿ ನಗಲಿಲ್ಲ.

“ಇದು ಬ್ಯಾಡ್ರಿ.”

“ಯಾಕವ್ವಾ? ನಿಮ್ಮದs ಮಾತಲ್ಲ?”

“ನಮ್ಮದs ಅಂತs ಬ್ಯಾಡ್ರಿ. ನಮ್ಮ ಮಾತು ಆಡಾಕ ಛಲೋ. ಬೋರ್ಡಿನ ಮ್ಯಾಲ ಬಂದ್ರ ಮಂದಿ ನಗ್ತಾರ. ನಾಟಕದಾಗ ನೋಡ್ರಿ, ರಾಜಾ ಪುಸ್ತಕದ ಮಾತ ಆಡ್ತಾನ, ಹಾಸ್ಯದಾಂವ ನಮ್ಮಂಗ ಆಡ್ತಾನ. ಈಗಿಂದೀಗ ನಮ್ಮವ್ರs ನಕ್ರು. ಸಾಹೇಬ್ರು ನಗಂಗಿಲ್ಲೇನ್ರಿ?”

ನಾನು ಉತ್ತರಿಸುವ ಮುನ್ನ ಅವಳು ದನಿ ತಗ್ಗಿಸಿದಳು. “ಮತ್ತ ಇದು ನಾನs ಕೂಗಿದಂಗ ಐತಿ. ಚೇರಮನ್ನರು ಓದ್ತಾರ. ಯಾರ ದನಿ ಅಂತ ಕೇಳ್ತಾರ.”

ಮಾಸ್ತರರು ತಮ್ಮ ಸಾಲನ್ನು ನಿಧಾನವಾಗಿ ಓದಿದರು: ಗ್ರಾಮದ ಬಾವಿಯ ಬಳಿ ನೀರಿಗಾಗಿ ಕಾಯುತ್ತಿರುವ ಮಹಿಳೆಯರು. ತಾಯಿ ಕೊನೆಯ ಶಬ್ದದ ಮೇಲೆ ನಿಂತಳು.

“ಮಹಿಳೆಯರು ಅಂದ್ರ ನಾವೇನ್ರಿ?”

“ಹೌದವಾ, ನೀವs.”

“ನಮಗ ಯಾರೂ ಹಂಗ ಅಂದಿಲ್ರಿ. ಇದನ್ನ ಇಡ್ರಿ ಮಾಸ್ತರ. ಇದು ಮರ್ಯಾದಿ ಐತಿ.”

ಆ ಕ್ಷಣದಲ್ಲಿ ನನ್ನ ವಾದ ಮುಗಿಯಿತು. ತನ್ನನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಹೇಳುವ ಹಕ್ಕು ಅವಳದು. ಆಡುಮಾತಿನ ಪರವಾಗಿ ಧಾರವಾಡದಲ್ಲಿ ಕಲಿತ ನನ್ನ ಸಿದ್ಧಾಂತಕ್ಕಿಂತ ಆ ಹಕ್ಕು ದೊಡ್ಡದು. ಹಾಗೆಂದು ಆಗಲೂ ತಿಳಿದೆ, ಈಗಲೂ ತಿಳಿದಿದ್ದೇನೆ. ಮಾಸ್ತರರು ಗೆದ್ದೆನೆಂದು ಬೀಗಲಿಲ್ಲ. ದಾರಿಯಲ್ಲಿ ಬರುವಾಗ, “ನಿನ್ನ ಸಾಲಿನಾಗ ಜೀವ ಇತ್ತು ತಂಗಿ,” ಎಂದರು. “ಆದ್ರ ಜೀವ ಇದ್ದದ್ದಕ್ಕs ಅಪಾಯ.”

ನಾವಿಬ್ಬರೂ ಕಾಣದೇ ಹೋದದ್ದು ಇದು. ಅವಳು ತಿರಸ್ಕರಿಸಿದ್ದು ಆಡುಮಾತನ್ನು ಮತ್ತು ತನ್ನ ದನಿಯ ಗುರುತನ್ನು. ಶಬ್ದಕ್ಕೆ ಶಬ್ದ ಜೋಡಿಸಿದ ಅನುವಾದವೇ ಬೇಕೆಂದು ಅವಳು ಎಂದೂ ಕೇಳಿರಲಿಲ್ಲ. ಅವಳಿಗೆ ಬೇಕಾದದ್ದು ಮರ್ಯಾದೆಯ ಕನ್ನಡ. ಮರ್ಯಾದೆಯ ಕನ್ನಡದಲ್ಲಿಯೇ ಸಹಜವಾಗಿ, ನಡೆಯುವುದನ್ನು ನಡೆಯುವ ಹಾಗೆ ಹೇಳಬಹುದಿತ್ತು: ‘ಬಾವಿ ಮುಟ್ಟುವಂತಿಲ್ಲ, ಯಾರಾದರೂ ನೀರು ಹಾಕುವವರೆಗೆ ನಿಲ್ಲಬೇಕು.’ ಇದರಲ್ಲಿ ಯಾರ ದನಿಯೂ ಇಲ್ಲ, ನಗಲು ಏನೂ ಇಲ್ಲ, ಪಟ್ಟಿಯ ಮೇಲೆ ಒಂದೇ ಸಾಲಿನಲ್ಲಿ ಕೂಡುತ್ತದೆ. ಮುಂಬಯಿಯವರ ಸೂಚನೆ ಅಡ್ಡ ಬರುತ್ತಿತ್ತೆನ್ನಿ. ಆದರೆ ಅರ್ಥ ಬದಲಿಸಬಾರದೆಂದವರಿಗೆ ಆ ಚಿತ್ರದ ಅರ್ಥ ಇದೇ ಎಂದು ಬರೆದು ತಿಳಿಸಬಹುದಿತ್ತು. ನಮಗೆ ಆಗ ಎರಡೇ ದಾರಿಗಳು ಕಂಡವು. ಒಂದು ಕಡೆ ಪುಸ್ತಕದ ಮಾತು ಮತ್ತು ಮೂಲದ ನಿಷ್ಠೆ, ಇನ್ನೊಂದು ಕಡೆ ಬೀದಿಯ ಮಾತು ಮತ್ತು ಬದುಕಿನ ಸತ್ಯ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಹಗ್ಗಕ್ಕೆ ಕಟ್ಟಿ ಎಳೆದಾಡಿದ್ದೆವು. ಒಂದನ್ನು ಬಿಟ್ಟಾಗ ಇನ್ನೊಂದೂ ಕೈತಪ್ಪಿ ಹೋಯಿತು.

ಸಂತೆಯ ದಿನ ತಾಲೂಕಿನ ಊರಿನ ಶಾಲೆಯ ದೊಡ್ಡ ಕೋಣೆಯಲ್ಲಿ ಚಿತ್ರಗಳನ್ನು ತೂಗುಹಾಕಿದೆವು. ಪೇಂಟರ ನೀಲಿ ಪಟ್ಟಿಗಳ ಮೇಲೆ ಬಿಳಿಯ ಅಕ್ಷರಗಳನ್ನು ಬಹಳ ಸುಂದರವಾಗಿ ಬರೆದಿದ್ದ. ಬುಟ್ಟಿ, ಚೀಲ ಹೊತ್ತ ಜನ ಒಳಗೆ ಬಂದು ಗುರುತಿನವರನ್ನು ಕಂಡು ಕೂಗುತ್ತಿದ್ದರು. ತಾಯಿ ಅಂದು ಕೂಲಿ ಬಿಟ್ಟು ಬಂದಿದ್ದಳು. ತೊಳೆದ ಸೀರೆ ಉಟ್ಟು, ಬಾಗಿಲ ಬಳಿಯ ಗುಂಪಿನಲ್ಲಿ ಮಗಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದಳು.

ಅಧಿಕಾರಿ ಒಳ್ಳೆಯ ಮನುಷ್ಯರಂತೆ ಕಂಡರು. ಅವರು ಬೇರೆ ಸೀಮೆಯವರು; ಕನ್ನಡವನ್ನು ಇತ್ತೀಚೆಗೆ ಕಲಿತು, ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದರು. ಅವರ ಬಲಗಡೆ ಆ ಬಾವಿಯ ಊರಿನ ಚೇರಮನ್ನರು. ಬಾವಿಯ ಚಿತ್ರದ ಮುಂದೆ ಅಧಿಕಾರಿ ನಿಂತರು.

“ನೀರಿಗಾಗಿ... ಕಾಯುತ್ತಿರುವ... ಮಹಿಳೆಯರು,” ಎಂದು ಅವರು ಬೆರಳಿನಿಂದ ತೋರಿಸುತ್ತ ಓದಿದರು. ನಂತರ ಚಿತ್ರವನ್ನು ನೋಡಿದರು. ಸಾಲನ್ನು ಓದಿ ಚಿತ್ರವನ್ನು ನೋಡಿದವರ ಕಣ್ಣು ಸಾಲು ಹೇಳಿದ್ದನ್ನೇ ಕಾಣುತ್ತದೆ. “ಇಷ್ಟು ಜನ ಯಾಕೆ ಕಾಯಬೇಕು? ಬಾವಿಯಲ್ಲಿ ನೀರಿಲ್ಲವೆ?”

“ನೀರ ಭರಪೂರ ಐತ್ರಿ ಸಾಹೇಬ್ರ,” ಎಂದರು ಚೇರಮನ್ನರು, ಒಂದು ಕ್ಷಣವೂ ತಡಮಾಡದೆ. “ಗಡಗಡಿ ಒಂದs ಐತ್ರಿ. ಅಗದಿ ಗದ್ದಲ ಆಗತೈತ್ರಿ ಮುಂಜಾನಿ.”

ಅದು ಸುಳ್ಳಲ್ಲ. ರಾಟೆ ಒಂದೇ ಇತ್ತು. ಸತ್ಯದ ಒಂದು ತುಣುಕಿನಿಂದ ಇಡೀ ಸತ್ಯವನ್ನು ಮುಚ್ಚುವುದು ಎಷ್ಟು ಸುಲಭವೆಂದು ನಾನು ಅಂದು ಕಂಡೆ. ಒಂದು ಹೆಜ್ಜೆ ಮುಂದಿಟ್ಟೆ. “ಸರ್, ಕೆಳಗೆ ನಿಂತವರು...” ಎಂದೆ. ಬಾಗಿಲಿನ ಕಡೆಗೆ ಕಣ್ಣು ಹೊರಳಿತು. ತಾಯಿ ತಲೆಯಾಡಿಸುತ್ತಿದ್ದಳು. ಬಹಳ ಚಿಕ್ಕದಾಗಿ, ಗುಂಪಿನಲ್ಲಿ ನನಗೊಬ್ಬಳಿಗೇ ಕಾಣುವಂತೆ. ಚೇರಮನ್ನರ ದೃಷ್ಟಿ ನನ್ನ ದೃಷ್ಟಿಯನ್ನು ಹಿಂಬಾಲಿಸಿ ಹೊರಟದ್ದನ್ನು ಕಂಡು ನಾನು ಮುಖ ತಿರುಗಿಸಿದೆ.

“ಏನು, ಹೇಳಿ,” ಎಂದರು ಅಧಿಕಾರಿ.

“ಕೆಳಗೆ ನಿಂತವರು ಬಹಳ ಹೊತ್ತು ಕಾಯುತ್ತಾರೆ ಸರ್,” ಎಂದೆ. ನಾನೂ ಮಾಸ್ತರರ ಸಾಲನ್ನೇ ಓದಿದಂತಾಯಿತು.

“ಒಂದು ರಾಟೆ ಹಾಕಿಸಲು ಇಷ್ಟು ವರ್ಷ ಬೇಕೆ?” ಎಂದು ಅವರು ತಮ್ಮ ಕೈಕೆಳಗಿನವರನ್ನು ಗದರಿಸಿದರು. ಅವರ ಸಿಟ್ಟು ನಿಜವಾದದ್ದು. ಜನ ಚಪ್ಪಾಳೆ ತಟ್ಟಿದರು. ಚೇರಮನ್ನರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಸರಕಾರದ ಯಾವ ಕೆಲಸವೂ ಅಷ್ಟು ಬೇಗ ಆದದ್ದನ್ನು ನಾನು ಕಂಡಿಲ್ಲ. ಎರಡನೆಯ ರಾಟೆ ಬಂತು, ಕಟ್ಟೆಗೆ ಹೊಸ ಸಿಮೆಂಟು ಬಂತು. ಕಟ್ಟೆ ಮೊದಲಿಗಿಂತ ಗೇಣು ಎತ್ತರವಾಯಿತು.

ಅದರ ಪರಿಣಾಮವನ್ನು ನಮ್ಮಲ್ಲಿ ಯಾರೂ ಮುಂಗಂಡಿರಲಿಲ್ಲ. ಒಂದೇ ರಾಟೆ ಇದ್ದಾಗ ಮೇಲಿನವರೂ ಸರದಿಯಲ್ಲಿ ನಿಲ್ಲುತ್ತಿದ್ದರು. ಬೆಳಗಿನ ಹೊತ್ತೆಲ್ಲ ಕಟ್ಟೆಯ ಮೇಲೆ ಯಾರಾದರೂ ಇರುತ್ತಿದ್ದರು. ಅವರಲ್ಲಿ ಒಬ್ಬರಿಗಾದರೂ ಮರುಕ ಬರುತ್ತಿತ್ತು. ಎರಡು ರಾಟೆಗಳಾದ ಮೇಲೆ ಅವರು ನೀರು ಸೇದುವುದು ಬೇಗನೆ ಮುಗಿಯಿತು, ಅವರು ಬೇಗನೆ ಮನೆಗೆ ಹೋದರು. ಕೇರಿಯವರ ಸರದಿ ಬರುವ ಹೊತ್ತಿಗೆ ಕಟ್ಟೆ ಖಾಲಿ. ತುಂಬಿದ ಬಾವಿ, ಎರಡು ರಾಟೆ, ಕೆಳಗೆ ಖಾಲಿ ಕೊಡಗಳು. ಯಾರೋ ಒಬ್ಬರಿಗೆ ಮತ್ತೆ ನೀರು ಬೇಕಾಗುವವರೆಗೆ ಅವರು ನಿಲ್ಲಬೇಕಾಯಿತು.

ಹುಡುಗಿಗೆ ಮೊದಲು ಪ್ರಾರ್ಥನೆ ತಪ್ಪುತ್ತಿತ್ತು, ಈಗ ಮೊದಲ ಎರಡು ಪಾಠಗಳೂ. ನಾನು ಶಾಲೆಗೆ ಹೋಗಿ ಹಾಜರಿಗಾಗಿ ಜಗಳವಾಡಿದೆ. ನಿಯಮ ಎಲ್ಲರಿಗೂ ಒಂದೇ ಎಂದರು. ಬಾವಿ ಎಲ್ಲರಿಗೂ ಒಂದೇ ಆಗಿರದ ಊರಿನಲ್ಲಿ ನಿಯಮ ಒಂದೇ ಎನ್ನುವುದಕ್ಕೆ ನಾಚಿಕೆಯಾಗಬೇಕು ಎಂದೆ. ಅವರಿಗೆ ನಾಚಿಕೆಯಾಗಲಿಲ್ಲ, ಹಾಜರಿಯೂ ಸಿಗಲಿಲ್ಲ. ಆ ಬೇಸಗೆಯಲ್ಲಿ ಅವಳ ಓರಗೆಯ ಹುಡುಗರು ಎತ್ತಿನ ಬಂಡಿಯಲ್ಲಿ ಮುಲ್ಕಿ ಪರೀಕ್ಷೆಗೆ ಹೋದರು. ಅವಳು ತಾಯಿಯೊಂದಿಗೆ ಹೊಲಕ್ಕೆ ಹೋದಳು.

ಮುಂಗಾರು ಕಳೆದ ಮೇಲೆ ಮುಂಬಯಿಯ ಯುವಕ ಮತ್ತೊಮ್ಮೆ ಬಂದು ಹೊಸ ರಾಟೆಗಳ ಚಿತ್ರ ತೆಗೆದುಕೊಂಡು ಹೋದ. ಚಿತ್ರ ಬಂದಾಗ ಅದರ ಬೆನ್ನ ಮೇಲೆ ಎಂದಿನ ಚೀಟಿ: ಇನ್ನು ಕಾಯಬೇಕಾಗಿಲ್ಲ. ಮಾಸ್ತರರು ಅದನ್ನು ಎರಡು ಸಲ ಓದಿದರು.

“ಇದನ್ನ ಅನುವಾದ ಮಾಡ್ಲಿಕ್ಕೆ ನನ್ನ ಕಡೆ ಶಬ್ದ ಅವ,” ಎಂದರು. “ಕೈ ಇಲ್ಲ.”

ಅವರು ಚೀಟಿಯನ್ನು ಪಕ್ಕಕ್ಕಿಟ್ಟು ತಮ್ಮ ದುಂಡು ಅಕ್ಷರಗಳಲ್ಲಿ ಬರೆದರು: ‘ರಾಟೆಗಳು ಎರಡಾದವು, ಬಾವಿ ಮುಟ್ಟುವಂತಿಲ್ಲದವರು ಇಂದಿಗೂ ಕೆಳಗೇ ನಿಂತಿದ್ದಾರೆ.’ ಮೂವತ್ತು ವರ್ಷ ಕನ್ನಡ ಕಲಿಸಿದವರ ಕನ್ನಡ. ಮರ್ಯಾದೆಯದು, ಸಹಜವಾದದ್ದು, ಯಾರೂ ನಗಲಾರದಂಥದು. ಒಂದು ವರ್ಷದ ಹಿಂದೆ ನಮ್ಮಿಬ್ಬರಲ್ಲಿ ಯಾರ ಕೈಯಿಂದಲೂ ಅದು ಬಂದಿರಲಿಲ್ಲ. ಸಂಘದ ಆಡಳಿತದವರು ಆ ಸಾಲನ್ನು ಪಟ್ಟಿಗೆ ಬರೆಸಲು ಒಪ್ಪಲಿಲ್ಲ. ಹಣ ಕೊಡುವವರ ಸಂತೋಷಕ್ಕೆ ಭಂಗ ತರಬಾರದು, ಅಧಿಕಾರಿಗಳ ಉಪಕಾರವನ್ನು ಮರೆಯಬಾರದು ಎಂದರು. ಇದೂ ಅನ್ಯಾಯವೆಂದು ನಾನು ಸಭೆಯಲ್ಲಿ ಹೇಳಿದೆ. ಹೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಂಡರು, ಅಷ್ಟೆ. ಚಿತ್ರ ಸಾಲಿಲ್ಲದೆ ಕಪಾಟು ಸೇರಿತು.

ಹಳೆಯ ಚಿತ್ರವೂ ಅಲ್ಲಿಯೇ ಇತ್ತು. ಒಂದು ಸಂತೆಯ ದಿನ ತಾಯಿ ಸಂಘದ ಕಚೇರಿಗೆ ಬಂದಳು. ಮಗಳ ಮದುವೆ ನವಲಗುಂದದ ಕಡೆಗೆ ಗೊತ್ತಾಗಿದೆ ಎಂದಳು. ವಯಸ್ಸು ಇನ್ನೂ ಆಗಿಲ್ಲವೆಂದು ನಾನು ಬಾಯಿ ತೆರೆದೆ.

“ಗೊತ್ತೈತ್ರಿ ಅಕ್ಕಾರ. ಸಾಲಿ ಬಿಟ್ಟ ಹುಡುಗೀನ ಮನ್ಯಾಗ ಎಷ್ಟ ದಿನಾ ಇಟ್ಕೋಳೂದ್ರಿ,” ಎಂದಳು. ಅವಳ ದನಿಯಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. “ಒಂದ ಮಾತ ಕೇಳಾಕ ಬಂದೆ. ಆ ಚಿತ್ರ ನಿಮಗ ಬೇಕೇನ್ರಿ? ಇಕೀದ ಬ್ಯಾರೆ ಫೋಟೋ ಇಲ್ರಿ ನಮ್ಮ ಕಡೆ.”

ಕಪಾಟಿನಿಂದ ತೆಗೆದು ಒರೆಸಿ ಕೊಟ್ಟೆ. ನೀಲಿಯ ಪಟ್ಟಿ ಹಾಗೆಯೇ ಇತ್ತು. ನನ್ನ ವರ್ಗದಲ್ಲಿ ಕಲಿತದ್ದರಿಂದ ಅವಳು ಈಗ ಅಕ್ಷರ ಕೂಡಿಸುತ್ತಿದ್ದಳು. ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ಕೊನೆಯ ಶಬ್ದದವರೆಗೆ ಓದಿದಳು.

“ಈ ಪಟ್ಟಿ ತಗದ ಕೊಡ್ರಿ.”

“ಯಾಕವ್ವಾ? ನೀನs ಇಡ್ರಿ ಅಂದಿದ್ದ್ಯಲ್ಲ, ಮರ್ಯಾದಿ ಅದ ಅಂತ?”

“ಮರ್ಯಾದಿ ಐತ್ರಿ, ಇಲ್ಲ ಅನ್ನಂಗಿಲ್ಲ. ಗ್ವಾಡಿಗೆ ಹಾಕಿದ್ರ ಬಂದಾವ್ರೆಲ್ಲಾ ಅದನ್ನs ಓದ್ತಾರ. ಆಮ್ಯಾಲ ನೀರ ನೋಡ್ತಾರ, ಬಾವಿ ನೋಡ್ತಾರ. ಇಕೀನ ಯಾರೂ ನೋಡಂಗಿಲ್ಲ.”

ಪೇಂಟರ ಅಂದು ಕಚೇರಿಯ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದ. ತಾನೇ ಬರೆದ ಪಟ್ಟಿಯ ಮೊಳೆಗಳನ್ನು ಒಂದೊಂದಾಗಿ ಕಿತ್ತ. ಅವಳು ಚಿತ್ರವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಳ್ಳುವ ಮೊದಲು ಇನ್ನೊಮ್ಮೆ ಬೆಳಕಿಗೆ ಹಿಡಿದಳು.

“ಸಾಲಿ ಚೀಲ ಸ್ವಚ್ಛ ಬಂದೈತಿ ನೋಡ್ರಿ,” ಎಂದಳು. “ನಾನs ಹೊಲದಿದ್ದು.”